ತೊಂಬತ್ತು ಸೆಕೆಂಡಿಗೆ ಒಂದೇ ಫೋನ್ ಕರೆ ಸಾಕು

ಪ್ರಶ್ನೆ: ನನಗೆ 27 ವರ್ಷ, ಬಿ.ಕಾಂ. ಆಗಿದೆ. ಹಾವೇರಿ ಜಿಲ್ಲೆಯ ನಮ್ಮೂರಿನ ಹನಿ ನೀರಾವರಿ ಸಾಮಾನಿನ ಅಂಗಡಿಯಲ್ಲಿ ಮೂರು ವರ್ಷ ಕೌಂಟರ್ ನೋಡಿಕೊಂಡಿದ್ದೆ. ಅಮ್ಮನಿಗೆ ಹುಷಾರಿಲ್ಲದೆ ಎಂಟು ತಿಂಗಳಿಂದ ಮನೆಯಲ್ಲಿದ್ದೇನೆ. ಈಗ ಹುಬ್ಬಳ್ಳಿಯ ಒಂದು ಕಂಪನಿಯ ರೈತ ಸಹಾಯವಾಣಿ ಕೆಲಸಕ್ಕೆ ಅರ್ಜಿ ಹಾಕಿದರೆ, ರೆಸ್ಯೂಮೆ ಜತೆ 90 ಸೆಕೆಂಡಿನ ವಿಡಿಯೊ ಕಳಿಸಿ ಎಂದಿದ್ದಾರೆ. ಬರೆದ ಸ್ಕ್ರಿಪ್ಟ್ ಓದಿದರೆ ಮೂರು ನಿಮಿಷ ಆಗುತ್ತಿದೆ. ಬಾಯಿಪಾಠ ಮಾಡಿ ಹೇಳಿದರೆ ಶಾಲೆಯ ಮಗು ಪದ್ಯ ಒಪ್ಪಿಸಿದ ಹಾಗೆ ಕಾಣುತ್ತೇನೆ. ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ. ಗೆಳತಿಯರು ಮ್ಯೂಸಿಕ್, ಗ್ರಾಫಿಕ್ಸ್ ಹಾಕು ಅನ್ನುತ್ತಾರೆ. ಮನೆಯಲ್ಲಿದ್ದ ಎಂಟು ತಿಂಗಳ ವಿಷಯ ಹೇಳಬೇಕೋ ಬೇಡವೋ ಅದೂ ಗೊತ್ತಾಗುತ್ತಿಲ್ಲ. ಸ್ಕ್ರಿಪ್ಟ್, ಕೆಲಸದ ಜಾಹೀರಾತು ಎರಡನ್ನೂ ಜತೆಗಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ:

ನೀವು ಕಳಿಸಿದ ಸ್ಕ್ರಿಪ್ಟನ್ನು ಎರಡು ಸಲ ಓದಿ, ಆಮೇಲೆ ನಿಮಗೆ ಫೋನ್ ಮಾಡಿದ್ದೆ, ನೆನಪಿರಬಹುದು. ಅದಕ್ಕೆ ಕಾರಣ ಎರಡನೇ ಪುಟದ ಕೆಳಗಿದ್ದ ಒಂದು ಸಾಲು: "ಗ್ರಾಹಕರ ದೂರುಗಳನ್ನು ಸಮರ್ಥವಾಗಿ ನಿರ್ವಹಿಸಿ ಅವರ ತೃಪ್ತಿಯನ್ನು ಹೆಚ್ಚಿಸಿರುತ್ತೇನೆ." ಇದನ್ನು ಓದಿದವರ ಕಣ್ಣ ಮುಂದೆ ಯಾವ ಚಿತ್ರವೂ ಬರುವುದಿಲ್ಲ. ಹಾಗಂದರೆ ನಿಜವಾಗಿ ಏನಾಯಿತು, ಒಂದು ಸಲದ್ದು ಹೇಳಿ ಎಂದು ಕೇಳಿದೆ. ನೀವು ಸ್ವಲ್ಪ ಯೋಚಿಸಿ, ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ರೈತರೊಬ್ಬರು ಸಿಟ್ಟಿನಲ್ಲಿ ಫೋನ್ ಮಾಡಿದ ಕಥೆ ಹೇಳಿದಿರಿ. ಕಡೆಯ ಸಾಲಿಗೆ ನೀರು ಬರುತ್ತಿಲ್ಲ, ಪೈಪೇ ಸರಿಯಿಲ್ಲ, ವಾಪಸ್ ತಗೊಳ್ಳಿ ಎಂದು ಅವರ ಪಟ್ಟು. ನೀವು ಮೂರು ಪ್ರಶ್ನೆ ಕೇಳಿ, ಫಿಲ್ಟರಿನಲ್ಲಿ ಕಸ ಕಟ್ಟಿರಬೇಕು ಎಂದು ಅಂದಾಜು ಮಾಡಿ, ಅವರು ಅದನ್ನು ಬಿಚ್ಚಿ ತೊಳೆಯುವ ತನಕ ಫೋನ್ ಇಡಲಿಲ್ಲ. ಕೊನೆಗೆ ಅವರು "ಬಂತ ನೋಡವ್ವಾ" ಎಂದರು. ಅದನ್ನು ಹೇಳುವಾಗ ನಿಮ್ಮ ದನಿ ಬೇರೆಯೇ ಆಗಿತ್ತು. ಎಲ್ಲಿಯೂ ತಡವರಿಸಲಿಲ್ಲ, ಪದ್ಯ ಒಪ್ಪಿಸಿದ ಹಾಗೂ ಇರಲಿಲ್ಲ. ನಿಮ್ಮ ಸ್ಕ್ರಿಪ್ಟ್ ಅದೇ. ಕಾಗದದ ಮೇಲೆ ಇನ್ನೂ ಬಂದಿರಲಿಲ್ಲ, ಅಷ್ಟೆ.

ನೇಮಕಾತಿಯಲ್ಲಿ ಕೂತವರು ಇಂಥ ವಿಡಿಯೊ ನೋಡುವುದು ಹೇಗೆ ಎಂದು ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚಿನ ತಪ್ಪುಗಳು ಅದು ತಿಳಿಯದೇ ಆಗುವಂಥವು. ನಾನು ವಿಡಿಯೊ ನೋಡುವಾಗ ಅರ್ಜಿದಾರರ ರೆಸ್ಯೂಮೆ ಪಕ್ಕದಲ್ಲೇ ತೆರೆದಿರುತ್ತದೆ. ಓದು, ಊರು, ಎಲ್ಲಿ ಎಷ್ಟು ವರ್ಷ ಕೆಲಸ, ಯಾವ ಸಾಫ್ಟ್‌ವೇರ್ ಬರುತ್ತದೆ, ಎಲ್ಲ ಅಲ್ಲಿದೆ. ಅದನ್ನೇ ವಿಡಿಯೊದಲ್ಲಿ ಬಾಯಲ್ಲಿ ಕೇಳಿದರೆ ನನಗೆ ಹೊಸದೇನೂ ಸಿಗುವುದಿಲ್ಲ. ಕಾಗದದಲ್ಲಿ ಸಿಗದೇ ಇರುವುದು ಒಂದೇ: ಈ ಮನುಷ್ಯ ಕೆಲಸದಲ್ಲಿ ಒಂದು ತೊಡಕು ಎದುರಾದಾಗ ಹೇಗೆ ನಡೆದುಕೊಳ್ಳುತ್ತಾನೆ, ಅದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಗೆ ಹೇಳುತ್ತಾನೆ. ನಿಮ್ಮ ವಿಷಯದಲ್ಲಂತೂ ಇದು ಇನ್ನೂ ನೇರ. ಸಹಾಯವಾಣಿ ಅಂದರೆ ದನಿಯ ಕೆಲಸ. ಆ ಕಂಪನಿಯವರು ನಿಮ್ಮ ವಿಡಿಯೊವನ್ನು ಒಂದು ಕರೆ ಕೇಳಿದ ಹಾಗೆ ಕೇಳುತ್ತಾರೆ.

ಹಾಗಾಗಿ "90 ಸೆಕೆಂಡಿನಲ್ಲಿ ನನ್ನ ಬಗ್ಗೆ ಎಲ್ಲ ಹೇಳಬೇಕು" ಎಂಬ ನಂಬಿಕೆಯನ್ನು ಮೊದಲು ಬಿಡಿ. ನಿಮ್ಮ ಹಳೆಯ ಸ್ಕ್ರಿಪ್ಟಿನ ಶುರು ಹೀಗಿದೆ: ಹೆಸರು, ತಾಲ್ಲೂಕು, ಜಿಲ್ಲೆ, ತಂದೆ ಕೃಷಿಕರು, ತಾಯಿ ಗೃಹಿಣಿ, ಹತ್ತನೇ ತರಗತಿ ಎಲ್ಲಿ, ಪಿಯುಸಿ ಎಲ್ಲಿ, ಆಮೇಲೆ "ನಾನು ಪರಿಶ್ರಮಿ, ಪ್ರಾಮಾಣಿಕಳು, ಎಲ್ಲರೊಂದಿಗೆ ಬೆರೆಯುವ ಸ್ವಭಾವದವಳು." ಯಾವ ಕೆಲಸಕ್ಕೆ ಅರ್ಜಿ ಎಂಬುದು ಬರುವ ಹೊತ್ತಿಗೆ ನನ್ನ ಗಡಿಯಾರದಲ್ಲಿ 40 ಸೆಕೆಂಡು ಕಳೆದಿತ್ತು. ಇದು ನಿಮ್ಮೊಬ್ಬರ ತಪ್ಪಲ್ಲ. ಕಾಲೇಜಿನ ತರಬೇತಿಗಳಲ್ಲಿ ಸಂದರ್ಶನದ "ನಿಮ್ಮ ಬಗ್ಗೆ ಹೇಳಿ" ಎಂಬ ಪ್ರಶ್ನೆಗೆ ಹೀಗೇ ಉತ್ತರಿಸಲು ಕಲಿಸುತ್ತಾರೆ, ಅದೇ ಅಚ್ಚು ವಿಡಿಯೊಗೂ ಬಂದುಬಿಡುತ್ತದೆ.

ಸ್ವಭಾವದ ವಿಶೇಷಣಗಳ ಬಗ್ಗೆ ಒಂದು ಮಾತು. "ನಾನು ತಾಳ್ಮೆಯವಳು" ಎಂದು ಯಾರು ಬೇಕಾದರೂ ಹೇಳಬಹುದು, ಆದ್ದರಿಂದ ಕೇಳುವವರು ಅದಕ್ಕೆ ಬೆಲೆ ಕೊಡುವುದಿಲ್ಲ. "ಫೋನ್ ಇಡಬ್ಯಾಡ್ರಿ ಅಂದೆ" ಎಂಬ ಎರಡು ಮೂರು ಪದದಲ್ಲಿ ತಾಳ್ಮೆ ತಾನಾಗಿ ಕಾಣುತ್ತದೆ. ಅದೇ ಪದಗಳಲ್ಲಿ ನಿಮ್ಮ ಕೌಶಲವೂ ಇದೆ, ಏಕೆಂದರೆ ಮುಂದೆ ಏನು ಮಾಡಿಸಬೇಕು ಎಂದು ಗೊತ್ತಿದ್ದವರು ಮಾತ್ರ ಹಾಗೆ ಹೇಳಬಲ್ಲರು. ಕೌಶಲಕ್ಕೆ ಒಂದು ಭಾಗ, ವ್ಯಕ್ತಿತ್ವಕ್ಕೆ ಒಂದು ಭಾಗ ಎಂದು ಸ್ಕ್ರಿಪ್ಟ್ ಹಂಚುವುದೇ ಬೇಡ. ಸರಿಯಾದ ಒಂದು ಪ್ರಸಂಗ ಆರಿಸಿಕೊಂಡರೆ ಎರಡೂ ಒಟ್ಟಿಗೆ ಬರುತ್ತವೆ. ಸರಿಯಾದ ಪ್ರಸಂಗ ಅಂದರೆ ನೀವು ಸೇರಬೇಕೆಂದಿರುವ ಕೆಲಸದಲ್ಲಿ ದಿನವೂ ಎದುರಾಗುವಂಥದ್ದು. ನೀವು ಅಕೌಂಟ್ಸ್ ಕೆಲಸಕ್ಕೆ ಹೋಗುವವರಾಗಿದ್ದರೆ ಈ ಮೆಣಸಿನಕಾಯಿ ಕಥೆ ಎಷ್ಟೇ ಚೆನ್ನಾಗಿದ್ದರೂ ಬಿಡಿ ಎನ್ನುತ್ತಿದ್ದೆ, ಬ್ಯಾಂಕ್ ಸ್ಟೇಟ್‌ಮೆಂಟಿಗೂ ಟ್ಯಾಲಿಗೂ ಲೆಕ್ಕ ತಾಳೆಯಾಗದ ದಿನ ಏನು ಮಾಡಿದಿರಿ ಎಂದು ಕೇಳುತ್ತಿದ್ದೆ.

ಈಗ ಅಳತೆಯ ಮಾತು. ನಿಮ್ಮ ಹಳೆಯ ಸ್ಕ್ರಿಪ್ಟಿನಲ್ಲಿ 318 ಪದ ಇದ್ದವು, ಮೂರು ನಿಮಿಷ ಹಿಡಿಯಿತು. ಅಂದರೆ ನಿಮಿಷಕ್ಕೆ 106 ಪದ. ಆದರೆ ಅದು ಕಾಗದ ನೋಡಿ ಓದಿದ ವೇಗ. ಫೋನಿನಲ್ಲಿ ನನಗೆ ಕಥೆ ಹೇಳಿದಾಗ ನಿಮ್ಮ ವೇಗ ನಿಮಿಷಕ್ಕೆ 95ರ ಸುಮಾರಿಗಿತ್ತು, ಅದೇ ನಿಮ್ಮ ಸಹಜ ವೇಗ. 90 ಸೆಕೆಂಡನ್ನು ತುದಿಯವರೆಗೆ ತುಂಬಿಸಬಾರದು, ಉಸಿರಾಟಕ್ಕೆ, ಶುರುವಿನ ಮತ್ತು ಕೊನೆಯ ಒಂದು ಕ್ಷಣದ ಮೌನಕ್ಕೆ ಏಳೆಂಟು ಸೆಕೆಂಡು ಬಿಡಬೇಕು. ಉಳಿದ 82 ಸೆಕೆಂಡಿಗೆ ನಿಮ್ಮ ಪಾಲಿಗೆ ಬರುವುದು 130 ಪದ. ಇಂಗ್ಲಿಷಿನ ಲೆಕ್ಕವನ್ನು ಕನ್ನಡಕ್ಕೆ ಹಾಕಬೇಡಿ. ಇಂಗ್ಲಿಷಿನಲ್ಲಿ ಇದೇ ಹೊತ್ತಿಗೆ ಹೆಚ್ಚು ಪದ ಹಿಡಿಸುತ್ತವೆ, ಏಕೆಂದರೆ ಅಲ್ಲಿನ ಪದಗಳು ಚಿಕ್ಕವು. ನಮ್ಮ "ನೋಡಿಕೊಂಡೀನಿ" ಎಂಬ ಒಂದು ಪದ ಅಲ್ಲಿ ಮೂರು ನಾಲ್ಕು ಪದ. ಪದ ಎಣಿಸುವುದು ಬರೆಯುವಾಗ ಅಂದಾಜಿಗೆ, ಕೊನೆಯ ತೀರ್ಪು ಗಡಿಯಾರದ್ದೇ.

ಬರೆಯುವ ಕ್ರಮವನ್ನೂ ತಿರುಗಿಸಿ. ಮೊದಲು ಬರೆದು ಆಮೇಲೆ ಮಾತಾಡುವುದಲ್ಲ, ಮೊದಲು ಮಾತಾಡಿ ಆಮೇಲೆ ಬರೆಯುವುದು. ಫೋನಿನ ವಾಯ್ಸ್ ರೆಕಾರ್ಡರ್ ಚಾಲೂ ಮಾಡಿ, ನಿಮ್ಮ ಅಂಗಡಿಯ ವಿಷಯ ತಿಳಿಯದ ಯಾರಿಗಾದರೂ ಆ ಪ್ರಸಂಗ ಹೇಳಿ. ನಿಮ್ಮ ಚಿಕ್ಕಮ್ಮನಿಗೆ ಹೇಳಿದರೂ ಆಯಿತು. ಅವರು ಎಲ್ಲಿ "ಹಂಗಂದ್ರೇನು?" ಎಂದು ಕೇಳುತ್ತಾರೋ ಅಲ್ಲಿ ವಿವರ ಬೇಕು. ಎಲ್ಲಿ ಅವರ ಗಮನ ಬೇರೆ ಕಡೆ ಹೋಗುತ್ತದೋ ಅಲ್ಲಿ ಕತ್ತರಿ ಬೇಕು. ಆಮೇಲೆ ಕೇಳಿಸಿಕೊಂಡು ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ನಿಮ್ಮ ಸ್ಕ್ರಿಪ್ಟ್ ಪದ್ಯ ಒಪ್ಪಿಸಿದಂತೆ ಕೇಳಲು ಮೂಲ ಕಾರಣ ಇಲ್ಲಿದೆ: ಅದು ಬರಹದ ಕನ್ನಡದಲ್ಲಿತ್ತು. "ನಿರ್ವಹಿಸಿರುತ್ತೇನೆ", "ಹೊಂದಿರುತ್ತೇನೆ" ಎಂದು ನೀವು ಜೀವನದಲ್ಲಿ ಯಾರೊಂದಿಗೂ ಮಾತಾಡಿಲ್ಲ. ಬಾಯಿಗೆ ರೂಢಿಯಿಲ್ಲದ ಕ್ರಿಯಾಪದ ನೆನಪಿನಿಂದ ಬರಬೇಕಾಗುತ್ತದೆ. ನೆನಪಿಸಿಕೊಳ್ಳುವಾಗ ಕಣ್ಣು ಮೇಲೆ ಹೋಗುತ್ತದೆ, ಪ್ರತಿ ವಾಕ್ಯದ ಕೊನೆ ಒಂದೇ ರಾಗಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಅಭ್ಯಾಸ ಮಾಡಿದರೂ ಅದು ಹೋಗುವುದಿಲ್ಲ, ಪದಗಳನ್ನೇ ಬದಲಿಸಬೇಕು.

ಅದಕ್ಕೇ ನಿಮ್ಮ ಸೀಮೆಯ ಮಾತನ್ನು ಉಳಿಸಿಕೊಳ್ಳಿ ಎನ್ನುತ್ತೇನೆ. ಬೆಂಗಳೂರಿನ ಕನ್ನಡಕ್ಕೆ ತಿರುಗಿಸುವ ಅಗತ್ಯವಿಲ್ಲ. ನಾಳೆ ಹುಬ್ಬಳ್ಳಿಯಲ್ಲಿ ಕೂತು ನೀವು ಮಾತಾಡುವುದು ಗದಗ, ಹಾವೇರಿ, ಧಾರವಾಡದ ರೈತರ ಜತೆ. "ಮಾಡ್ರಿ", "ಐತಿ" ಎನ್ನುವ ದನಿ ಅಲ್ಲಿ ನಿಮ್ಮ ಅರ್ಹತೆಯ ಭಾಗ.

ನೀವು ಫೋನಿನಲ್ಲಿ ಹೇಳಿದ್ದನ್ನೇ ಇಟ್ಟುಕೊಂಡು, ಕತ್ತರಿ ಮಾತ್ರ ನಾನು ಆಡಿಸಿ ಬರೆದದ್ದು ಇದು. 129 ಪದ ಇದೆ.

"ನಮಸ್ಕಾರ. ನಾನು (ಹೆಸರು). ಹನಿ ನೀರಾವರಿ ಅಂಗಡಿಯೊಳಗ ಮೂರು ವರ್ಷ ಕೌಂಟರ್ ನೋಡಿಕೊಂಡೀನಿ. ನಿಮ್ಮ ರೈತ ಸಹಾಯವಾಣಿ ಕೆಲಸಕ್ಕ ಅರ್ಜಿ ಹಾಕೀನಿ.

ಹೋದ ವರ್ಷ ಮೆಣಸಿನಕಾಯಿ ಬೆಳೆಯೋ ರೈತರೊಬ್ಬರು ಸಿಟ್ಟಿಲೆ ಫೋನ್ ಮಾಡಿದ್ರು. 'ಕಡೀ ಸಾಲಿಗೆ ನೀರು ಬರವಲ್ದು, ಪೈಪ್ ವಾಪಸ್ ತಗೊಳ್ರಿ' ಅಂದ್ರು. ನಾನು ಮೂರು ಪ್ರಶ್ನೆ ಕೇಳಿದೆ. ಎಲ್ಲಾ ಸಾಲಿಗೂ ಹಿಂಗೋ, ಕಡೀ ಸಾಲಿಗಷ್ಟೋ? ಒಮ್ಮೆಲೆ ಎಷ್ಟು ವಾಲ್ವ್ ತೆರೆದೀರಿ? ಫಿಲ್ಟರ್ ತೊಳೆದು ಎಷ್ಟು ದಿನ ಆತು? ಇಪ್ಪತ್ತು ದಿನ ಆಗಿತ್ತು. 'ಫೋನ್ ಇಡಬ್ಯಾಡ್ರಿ, ಮೋಟರ್ ಬಂದ್ ಮಾಡ್ರಿ' ಅಂದೆ. ಜಾಳಿಗಿ ಹೆಂಗ ಬಿಚ್ಚೋದು, ಹೆಂಗ ತೊಳೆಯೋದು, ಒಂದೊಂದಾಗಿ ಹೇಳಿದೆ. ಸ್ವಲ್ಪ ಹೊತ್ತಿಗೆ 'ಬಂತ ನೋಡವ್ವಾ' ಅಂದ್ರು.

ಆ ಮೂರು ಪ್ರಶ್ನೆ ಬರೆದು ಫೋನಿನ ಪಕ್ಕ ಅಂಟಿಸಿದೆ. ಆ ತಿಂಗಳು ಮೆಕ್ಯಾನಿಕ್ ಹದಿನಾಲ್ಕು ಸಲ ಹೊಲಕ್ಕ ಹೋಗಿದ್ರು. ಮುಂದಿನ ತಿಂಗಳು ಎಂಟು ಸಲ. ರಿಜಿಸ್ಟರ್ ನಾನೇ ಬರೀತಿದ್ದೆ.

ಬಿಲ್ ಟ್ಯಾಲಿಯೊಳಗ, ದೂರಿನ ಲೆಕ್ಕ ಎಕ್ಸೆಲ್‌ನೊಳಗ ಇಡ್ತಿದ್ದೆ. ಇನ್ ಎವ್ರಿ ರಿಪೋರ್ಟ್ ಐ ರೈಟ್ ವಾಟ್ ದ ಫಾರ್ಮರ್ ಸೆಡ್, ವಾಟ್ ಐ ಚೆಕ್ಡ್, ಅಂಡ್ ವಾಟ್ ಈಸ್ ಸ್ಟಿಲ್ ಪೆಂಡಿಂಗ್.

ರಾತ್ರಿ ಮೋಟರ್‌ಗೆ ಕರೆಂಟ್ ಬಂದಾಗನ ರೈತರ ಫೋನ್ ಬರ್ತಾವು, ಅದು ನನಗ ಗೊತ್ತೈತಿ. ಪಾಳಿ ಕೆಲಸಕ್ಕ ತಯಾರಿದ್ದೀನಿ. ನಮಸ್ಕಾರ."

ಹೊತ್ತು ಎಲ್ಲಿ ಖರ್ಚಾಗಿದೆ ನೋಡಿ. ಮೊದಲ ಭಾಗಕ್ಕೆ ಹತ್ತು ಸೆಕೆಂಡು, ಕರೆಯ ಪ್ರಸಂಗಕ್ಕೆ 35, ಅದರ ಫಲಕ್ಕೆ 13, ಉಪಕರಣ ಮತ್ತು ಇಂಗ್ಲಿಷಿಗೆ 15, ಕೊನೆಗೆ ಒಂಬತ್ತು. ಅರ್ಧಕ್ಕಿಂತ ಹೆಚ್ಚು ಹೊತ್ತು ಒಂದೇ ಘಟನೆಗೆ ಮತ್ತು ಅದರಿಂದ ಆದದ್ದಕ್ಕೆ ಕೊಟ್ಟಿದ್ದೇವೆ. ಅದು ನಿಮಗೆ ಹೆಚ್ಚು ಅನ್ನಿಸಬಹುದು. ಅನ್ನಿಸಲಿ, ಕತ್ತರಿಸಬೇಡಿ. ಮೂರು ಪ್ರಶ್ನೆಗಳನ್ನು "ಕೆಲವು ಪ್ರಶ್ನೆ ಕೇಳಿದೆ" ಎಂದು ಚಿಕ್ಕದು ಮಾಡುವ ಆಸೆ ಬರುತ್ತದೆ. ಆದರೆ ಡ್ರಿಪ್ ಬಲ್ಲವರು ವಿಡಿಯೊ ನೋಡುವಾಗ ಕಿವಿ ನಿಮಿರುವುದು ಆ ಪ್ರಶ್ನೆಗಳಿಗೇ. ಕಡೆಯ ಸಾಲಿಗೆ ಮಾತ್ರ ನೀರಿಲ್ಲವೆಂದರೆ ಹೆಚ್ಚಾಗಿ ಒತ್ತಡ ಸಾಲುತ್ತಿಲ್ಲ ಎಂದರ್ಥ, ಒತ್ತಡ ಸಾಲದಿರಲು ಸಾಮಾನ್ಯವಾಗಿ ಒಂದೋ ಹೆಚ್ಚು ವಾಲ್ವ್ ಒಮ್ಮೆಗೇ ತೆರೆದಿರಬೇಕು ಅಥವಾ ಫಿಲ್ಟರ್ ಕಟ್ಟಿರಬೇಕು ಎಂಬ ಯೋಚನೆಯ ಸರಣಿ ನಿಮ್ಮ ಪ್ರಶ್ನೆಗಳ ಕ್ರಮದಲ್ಲೇ ಇದೆ. ಅದನ್ನು ನೀವು ವಿವರಿಸುವ ಅಗತ್ಯವಿಲ್ಲ, ಅವರಿಗೆ ಕಾಣುತ್ತದೆ.

ರಾತ್ರಿ ಕರೆಂಟಿನ ಸಾಲೂ ಅಂಥದ್ದೇ. ನಿಮ್ಮ ಹಳೆಯ ಸ್ಕ್ರಿಪ್ಟ್ "ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸಲು ಅವಕಾಶ ಸಿಕ್ಕರೆ ಧನ್ಯಳು" ಎಂದು ಮುಗಿಯುತ್ತಿತ್ತು. ಆ ವಾಕ್ಯವನ್ನು ಯಾವ ಕಂಪನಿಗೆ ಬೇಕಾದರೂ ಕಳಿಸಬಹುದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೇ ರೈತ ಹೊಲದಲ್ಲಿರುತ್ತಾನೆ, ತೊಂದರೆ ಕಾಣುವುದೂ ಆಗಲೇ ಎಂಬುದು ಈ ಕೆಲಸ ಬಲ್ಲವರ ಮಾತು. ಜಾಹೀರಾತಿನಲ್ಲಿ ಪಾಳಿ ಕೆಲಸ ಎಂದಿರುವುದಕ್ಕೆ ಅದು ಉತ್ತರವೂ ಆಯಿತು.

ಅಂಕಿ ಹೇಳುವಾಗ ಮಾತ್ರ ಎಚ್ಚರ ಬೇಕು. ಹದಿನಾಲ್ಕು ಎಂಟಾದದ್ದು ಯಾವ ತಿಂಗಳು ಎಂದು ನಾನು ಕೇಳಿದ್ದು ಅದಕ್ಕೇ. ಮುಂದಿನ ತಿಂಗಳು ಮಳೆ ಬಿದ್ದಿದ್ದರೆ ಡ್ರಿಪ್ ಓಡಿಸುವವರೇ ಕಡಿಮೆ, ದೂರೂ ಕಡಿಮೆ, ಆಗ ಆ ಅಂಕಿಗೆ ಅರ್ಥವಿಲ್ಲ. ನೀವು ನವೆಂಬರ್ ಮತ್ತು ಡಿಸೆಂಬರ್ ಎಂದಿರಿ, ಮಳೆ ಇರಲಿಲ್ಲ, ಬಂದ ಕರೆಗಳೂ ಹೆಚ್ಚು ಕಡಿಮೆ ಅಷ್ಟೇ ಇದ್ದವು ಎಂದಿರಿ. ಹಾಗಿದ್ದರೆ ಹೇಳಬಹುದು. ಆದರೂ "ನನ್ನಿಂದ ಇಳಿಯಿತು" ಎಂದು ಸೇರಿಸಬೇಡಿ. ಎರಡು ಅಂಕಿ ಪಕ್ಕಪಕ್ಕ ಇಟ್ಟು, ರಿಜಿಸ್ಟರ್ ನಾನೇ ಬರೆಯುತ್ತಿದ್ದೆ ಎಂದರೆ ಸಾಕು. ಅಂಕಿ ನೆನಪಿಲ್ಲದವರು ಅಂದಾಜಿನಲ್ಲಿ "ಶೇಕಡಾ 40 ಕಡಿಮೆ ಮಾಡಿದೆ" ಎಂದು ಹಾಕುವುದನ್ನು ಬಹಳ ನೋಡಿದ್ದೇನೆ. ಸಂದರ್ಶನದಲ್ಲಿ "ಹೇಗೆ ಲೆಕ್ಕ ಹಾಕಿದಿರಿ?" ಎಂಬ ಒಂದೇ ಪ್ರಶ್ನೆಗೆ ಅದು ಕುಸಿಯುತ್ತದೆ, ಜತೆಗೆ ಉಳಿದ ನಿಜದ ಮಾತುಗಳನ್ನೂ ಕೆಳಗೆ ಎಳೆಯುತ್ತದೆ.

ಭಾಷೆಯ ವಿಷಯಕ್ಕೆ ಬರೋಣ. ನೀವು ಕಳಿಸಿದ ಜಾಹೀರಾತಿನಲ್ಲಿ ಕನ್ನಡ ಕಡ್ಡಾಯ, ಇಂಗ್ಲಿಷ್ ಓದಿ ಬರೆಯಲು ಬರಬೇಕು ಎಂದಿದೆ. ಮಾತಾಡಬೇಕು ಎಂದಿಲ್ಲ. ಪೂರ್ತಿ ಇಂಗ್ಲಿಷಿನಲ್ಲಿ ಮಾಡಿದರೆ ನೀವು ಪದ ಹುಡುಕುತ್ತೀರಿ, ಕಥೆಯ ಬಿಸಿ ಹೋಗುತ್ತದೆ. ಅವರಿಗೆ ಬೇಕಾದ ಕನ್ನಡದ ದನಿ ಕೇಳಿಸುವುದೇ ಇಲ್ಲ. ಪೂರ್ತಿ ಕನ್ನಡದಲ್ಲೇ ಮಾಡಿದರೆ, ಮೊದಲ ಸುತ್ತಿನಲ್ಲಿ ನೋಡುವವರು ಪುಣೆಯಲ್ಲೋ ಚೆನ್ನೈಯಲ್ಲೋ ಕೂತಿದ್ದರೆ ಅವರಿಗೆ ಏನೂ ತಿಳಿಯದೆ ಹೋಗುವ ಅಪಾಯವಿದೆ. ಆದ್ದರಿಂದ ನಾನು ಹಾಕಿದ್ದು ಇಂಗ್ಲಿಷಿನ ಒಂದೇ ವಾಕ್ಯ. ಅದೂ ನೀವು ಕಂಪನಿಗೆ ದೂರು ಬರೆಯುವಾಗ ನಿಜವಾಗಿ ಅನುಸರಿಸುತ್ತಿದ್ದ ಕ್ರಮ, ಆದ್ದರಿಂದ ಬಾಯಿಗೆ ಸುಲಭ. ಆ ವಾಕ್ಯವೂ ಕಷ್ಟವಾದರೆ ಕನ್ನಡದಲ್ಲೇ ಹೇಳಿ, ಇಮೇಲಿನಲ್ಲಿ ಇಡೀ ವಿಡಿಯೊದ ಸಾರಾಂಶವನ್ನು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ಓದಿ ಬರೆಯಲು ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಅಮ್ಮನ ಆರೈಕೆಗೆ ಮನೆಯಲ್ಲಿದ್ದ ಎಂಟು ತಿಂಗಳನ್ನು ವಿಡಿಯೊದಲ್ಲಿ ತರಬೇಡಿ. ಮುಚ್ಚಿಡಿ ಎಂದು ಹೇಳುತ್ತಿಲ್ಲ. ರೆಸ್ಯೂಮೆಯಲ್ಲಿ ತಾರೀಕಿನ ಪಕ್ಕ "ಕುಟುಂಬದ ಆರೈಕೆಗಾಗಿ ಬಿಡುವು" ಎಂದು ಒಂದು ಸಾಲು ನೇರವಾಗಿ ಹಾಕಿ. ಆ ವಿಷಯಕ್ಕೆ ಮರುಪ್ರಶ್ನೆ ಇದ್ದೇ ಇರುತ್ತದೆ: ಈಗ ಅಮ್ಮ ಹೇಗಿದ್ದಾರೆ, ಹುಬ್ಬಳ್ಳಿಗೆ ಬಂದರೆ ಅಲ್ಲಿ ಯಾರಿದ್ದಾರೆ ಎಂದು. ವಿಡಿಯೊ ಮರುಪ್ರಶ್ನೆಗೆ ಉತ್ತರಿಸುವುದಿಲ್ಲ, ನೋಡುವವರು ತಾವೇ ಊಹಿಸಿಕೊಳ್ಳುತ್ತಾರೆ. ಎದುರು ಕೂತಾಗ ಎರಡು ಮಾತಿನಲ್ಲಿ ಮುಗಿಯುವ ವಿಷಯ ಅದು. ಜಾಹೀರಾತಿನಲ್ಲೇ ಬಿಡುವಿನ ಬಗ್ಗೆ ಹೇಳಿ ಎಂದು ಕೇಳಿದ್ದರೆ ಮಾತ್ರ ಒಂದು ವಾಕ್ಯ ಸೇರಿಸಿ, ಟ್ಯಾಲಿಯ ಸಾಲು ತೆಗೆಯಿರಿ.

ಇದರ ಜತೆಗೆ ಒಂದು ಕಹಿ ಮಾತು ಹೇಳಲೇಬೇಕು. ಕಾಗದದ ರೆಸ್ಯೂಮೆಯಲ್ಲಿ ಕಾಣದ ಮುಖ, ಬಣ್ಣ, ವಯಸ್ಸು, ಉಡುಗೆ ವಿಡಿಯೊದಲ್ಲಿ ಕಾಣುತ್ತವೆ. ನೋಡುವವರಲ್ಲಿ ಪೂರ್ವಗ್ರಹ ಇದ್ದರೆ ಅದಕ್ಕೆ ಕೆಲಸ ಸಿಕ್ಕಂತೆ. ಯಾವ ಸ್ಕ್ರಿಪ್ಟೂ ಅದನ್ನು ಪೂರ್ತಿ ತಡೆಯಲಾರದು. ನಿಮ್ಮ ಕೈಯಲ್ಲಿರುವುದು, ಕೆಲಸಕ್ಕೆ ಸಂಬಂಧವಿಲ್ಲದ್ದನ್ನು ನೀವಾಗಿ ಸೇರಿಸದಿರುವುದು. ಹುಟ್ಟಿದ ದಿನ, ಮದುವೆ, ತಂದೆಯ ಉದ್ಯೋಗ, ಜಾತಿ ಸೂಚಿಸುವ ವಿವರ, ಮನೆಯ ವಿಳಾಸ, ಫೋನ್ ನಂಬರ್ ಯಾವುದೂ ವಿಡಿಯೊದಲ್ಲಿ ಬೇಡ. ನಂಬರ್ ರೆಸ್ಯೂಮೆಯಲ್ಲಿದೆ. ಆ ರೈತರ ಹೆಸರು, ಊರು ಹೇಳಬೇಡಿ, ಅಂಗಡಿಯ ರಿಜಿಸ್ಟರನ್ನು ಕ್ಯಾಮೆರಾಕ್ಕೆ ತೋರಿಸಬೇಡಿ. ಹಿಂದೊಮ್ಮೆ ಒಬ್ಬ ಹುಡುಗ ತಾನು ಎಷ್ಟು ಅಚ್ಚುಕಟ್ಟಾಗಿ ಲೆಕ್ಕ ಬರೆಯುತ್ತಿದ್ದೆ ಎಂದು ಹಳೆಯ ಅಂಗಡಿಯ ಪುಸ್ತಕ ತೆರೆದು ತೋರಿಸಿದ್ದ. ಗಿರಾಕಿಗಳ ಹೆಸರು, ಮೊಬೈಲ್ ನಂಬರ್, ಬಾಕಿ ಹಣ ಎಲ್ಲ ಸ್ಪಷ್ಟವಾಗಿ ಓದಬಹುದಿತ್ತು. ಅಕ್ಷರ ನಿಜಕ್ಕೂ ಮುತ್ತಿನಂತಿತ್ತು. ಆದರೆ ನಮ್ಮ ಗಿರಾಕಿಗಳ ಲೆಕ್ಕವನ್ನೂ ಇವನು ನಾಳೆ ಹೀಗೇ ತೋರಿಸಿಬಿಟ್ಟರೆ ಎಂಬ ಭಯಕ್ಕೆ ಅವನನ್ನು ಕರೆಯಲಾಗಲಿಲ್ಲ. ಅವನು ಒಳ್ಳೆಯ ಹುಡುಗ ಎಂದು ಇಂದಿಗೂ ನಂಬಿದ್ದೇನೆ.

ಮ್ಯೂಸಿಕ್, ಗ್ರಾಫಿಕ್ಸ್ ಎರಡೂ ಬೇಡ. ನೀವು ವಿಡಿಯೊ ಎಡಿಟರ್ ಕೆಲಸಕ್ಕೆ ಹೋಗುತ್ತಿದ್ದರೆ ಅವು ನಿಮ್ಮ ಕೌಶಲದ ಮಾದರಿ ಆಗುತ್ತಿದ್ದವು. ಇಲ್ಲಿ ಅವು ದನಿಯನ್ನು ಮುಚ್ಚುತ್ತವೆ, ಅವರು ಕೇಳಲು ಕೂತಿರುವುದೇ ದನಿಯನ್ನು.

ಹೇಳುವ ಬಗೆಗೆ ಮೂರು ದಾರಿಗಳಿವೆ. ಪೂರ್ತಿ ಬಾಯಿಪಾಠ ಮಾಡಿದರೆ ಸಮಯ ಸರಿಯಾಗಿ ಬರುತ್ತದೆ, ಆದರೆ ಒಂದು ಪದ ತಪ್ಪಿದರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಪರದೆಯ ಮೇಲೆ ಅಕ್ಷರ ಓಡುವ ಟೆಲಿಪ್ರಾಂಪ್ಟರ್ ಆಪ್ ಬಳಸಿದರೆ ತಪ್ಪಾಗುವುದಿಲ್ಲ, ಆದರೆ ಫೋನ್ ಹತ್ತಿರವಿದ್ದಾಗ ಕಣ್ಣು ಎಡದಿಂದ ಬಲಕ್ಕೆ ಹರಿಯುವುದು ನೋಡುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ನಾನು ನಿಮಗೆ ಹೇಳುವುದು ಮೂರನೆಯದು. ಮೊದಲ ವಾಕ್ಯ, ಕೊನೆಯ ವಾಕ್ಯ, ಮತ್ತೆ ಆ ಒಂದು ಇಂಗ್ಲಿಷ್ ವಾಕ್ಯ, ಇಷ್ಟನ್ನು ಮಾತ್ರ ಗಟ್ಟಿ ಮಾಡಿ. ಉಳಿದದ್ದಕ್ಕೆ ಒಂದು ಚೀಟಿಯಲ್ಲಿ ಐದು ಪದ ದಪ್ಪಗೆ ಬರೆದು ಕ್ಯಾಮೆರಾದ ಕಣ್ಣಿನ ಕೆಳಗೇ ಅಂಟಿಸಿ: ಕೌಂಟರ್, ಕಡೀ ಸಾಲು, ಅಂಟಿಸಿದೆ, ರಿಪೋರ್ಟ್, ರಾತ್ರಿ ಕರೆಂಟ್. ನಡುವೆ ಪದ ಹಿಂದೆ ಮುಂದೆ ಆಗುತ್ತದೆ, ಒಂದು ಸಲ 80 ಸೆಕೆಂಡು, ಇನ್ನೊಂದು ಸಲ 88 ಬರುತ್ತದೆ. ಈ ದಾರಿಯ ಅಪಾಯ ಅಷ್ಟೆ, 90 ದಾಟಿದ್ದನ್ನು ಅಳಿಸಿ ಮತ್ತೆ ಮಾಡಿದರಾಯಿತು. ಒಂದೇ ಸಲಕ್ಕೆ, ಕತ್ತರಿಸಿ ಜೋಡಿಸದೆ ಮಾಡಿ. ನಡುವೆ ಜೋಡಣೆ ಕಂಡರೆ, ಅದರಲ್ಲೂ ಕರೆಯ ಪ್ರಸಂಗದ ನಡುವೆ ಕಂಡರೆ, ಫೋನಿನಲ್ಲಿ ನಿರಂತರವಾಗಿ ಮಾತಾಡಬಲ್ಲಿರಾ ಎಂಬ ಸಂಶಯ ಬರುತ್ತದೆ. ಒಂದು ದಿನಕ್ಕೆ ಎಂಟು ಹತ್ತು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬೇಡಿ, ಆಮೇಲೆ ದನಿ ಮತ್ತೆ ಪದ್ಯದ ರಾಗಕ್ಕೆ ಹೋಗುತ್ತದೆ.

ಚಿತ್ರೀಕರಣಕ್ಕೆ ಹೆಚ್ಚು ಹೇಳುವುದಿಲ್ಲ. ಬೆಳಗಿನ ಹೊತ್ತು ಕಿಟಕಿಗೆ ಮುಖ ಮಾಡಿ ಕೂತುಕೊಳ್ಳಿ, ಫ್ಯಾನ್ ಆರಿಸಿ, ಫೋನನ್ನು ಕಣ್ಣಿನ ಎತ್ತರಕ್ಕೆ ಪುಸ್ತಕಗಳ ಮೇಲೆ ಅಡ್ಡಲಾಗಿ ನಿಲ್ಲಿಸಿ. ಖಾಲಿ ಕೋಣೆ ಗುಂಯ್‌ಗುಡುತ್ತದೆ, ಹಾಸಿಗೆ ಬಟ್ಟೆ ಇರುವ ಕೋಣೆಯೇ ಒಳ್ಳೆಯದು.

ಸರಿಯಾಗಿದೆಯೋ ಇಲ್ಲವೋ ತಿಳಿಯಲು ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಫೋನನ್ನು ಬೋರಲು ಹಾಕಿ ಬರೀ ದನಿ ಕೇಳಿ. ಚಿತ್ರವಿಲ್ಲದೆಯೂ ಕಥೆ ತಿಳಿದರೆ ಗೆದ್ದಿರಿ, ಏಕೆಂದರೆ ಆ ಕೆಲಸದಲ್ಲಿ ರೈತನಿಗೆ ಸಿಗುವುದು ಅಷ್ಟೇ. ಎರಡನೆಯದು, ಗೆಳತಿಯೊಬ್ಬಳಿಗೆ ಒಂದೇ ಸಲ ತೋರಿಸಿ, ಹತ್ತು ನಿಮಿಷ ಬಿಟ್ಟು ಏನು ನೆನಪಿದೆ ಎಂದು ಕೇಳಿ. "ಚಲೋ ಮಾತಾಡೀಯವ್ವ" ಎಂದರೆ ಸ್ಕ್ರಿಪ್ಟಿಗೆ ಇನ್ನೂ ಕೆಲಸವಿದೆ. "ಫಿಲ್ಟರ್ ತೊಳೆಸಿದೆಲ್ಲ, ಅದು" ಎಂದರೆ ಕಳಿಸಿ.

ಕಳಿಸುವಾಗ ವಾಟ್ಸಾಪಿನಲ್ಲಿ ಸಾಮಾನ್ಯ ವಿಡಿಯೊ ಆಗಿ ಹಾಕಿದರೆ ಅದು ಕುಗ್ಗಿ ಮಸುಕಾಗುತ್ತದೆ. ಗೂಗಲ್ ಡ್ರೈವಿಗೆ ಹಾಕಿ ಲಿಂಕ್ ಕೊಡುವುದಾದರೆ ಅನುಮತಿಯನ್ನು `Anyone with the link` ಎಂದು ಬದಲಿಸಿ, ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಅನುಮತಿ ಕೇಳುವ ಲಿಂಕ್ ಬಂದರೆ ಎಷ್ಟೋ ಕಡೆ ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆಯ್ಕೆ ಮುಗಿದ ಮೇಲೆ ಆ ಅನುಮತಿ ತೆಗೆದುಹಾಕಿ. ವಿಡಿಯೊ ಪರಿಶೀಲನೆಗೆಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಅದು ಮೋಸ.

ಕರೆ ಬಂದರೆ, ಅಲ್ಲಿ ಕೇಳಬಹುದಾದ ಮೊದಲ ಪ್ರಶ್ನೆಯನ್ನು ಈಗಲೇ ಹೇಳಬಲ್ಲೆ: "ಫಿಲ್ಟರ್ ತೊಳೆದ ಮೇಲೂ ಕಡೀ ಸಾಲಿಗೆ ನೀರು ಬರದಿದ್ದರೆ ಏನು ಮಾಡ್ತಿದ್ರಿ?" ನೀವು ಫೋನಿನಲ್ಲಿ ನನಗೆ ಹೇಳಿದ ಉತ್ತರವನ್ನೇ ಅಲ್ಲೂ ಹೇಳಿ. ಒಂದೆರಡು ವಾಲ್ವ್ ಮುಚ್ಚಿಸಿ ನೋಡುತ್ತಿದ್ದೆ, ಆಮೇಲೆ ಸಾಲಿನ ತುದಿಯ ಮುಚ್ಚಳ ಬಿಚ್ಚಿ ಕಸ ಹೊರಗೆ ಹರಿಸಲು ಹೇಳುತ್ತಿದ್ದೆ, ಆಗಲೂ ಬರದಿದ್ದರೆ ಮೆಕ್ಯಾನಿಕ್ ಯಾವ ಹೊತ್ತಿಗೆ ಬರುತ್ತಾರೆ ಎಂದು ಅವರನ್ನೇ ಕೇಳಿ, ಆಮೇಲೆ ರೈತರಿಗೆ ತಿಳಿಸುತ್ತಿದ್ದೆ ಎಂದಿರಿ.